ಕುಜ ಏಳರಲ್ಲೋ ಆರರಲ್ಲೋ? ರಾಶಿ ಕುಂಡಲಿ ಮತ್ತು ಭಾವ ಚಲಿತವನ್ನು ನೀವೇ ತಾಳೆ ನೋಡುವ ಕ್ರಮ

ಕಾಸರಗೋಡಿನ ಕಡೆ ಮದುವೆ ಮಾತುಕತೆಗೆ ಕೂತಾಗ ಈಗೀಗ ಒಂದೇ ಹುಡುಗಿಯ ಎರಡು ಜಾತಕ ಹೊರಗೆ ಬರುತ್ತವೆ. ಒಂದು, ಹುಟ್ಟಿದಾಗ ಜೋಯಿಸರು ಕೈಯಲ್ಲಿ ಬರೆದುಕೊಟ್ಟ ಪುಸ್ತಕ. ಇನ್ನೊಂದು, ಯಾರೋ ಮೊಬೈಲಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿದ ಹಾಳೆ. ಪುಸ್ತಕದಲ್ಲಿ ಕುಜ ಏಳನೇ ಮನೆಯಲ್ಲಿ ಇದ್ದಾನೆ. ಹಾಳೆಯ ಎರಡನೇ ಚೌಕದಲ್ಲಿ, ಅಂದರೆ ಭಾವ ಚಲಿತ ಅಂತ ಬರೆದಿರುವಲ್ಲಿ, ಅದೇ ಕುಜ ಆರಕ್ಕೆ ಹೋಗಿದ್ದಾನೆ. ಏಳರಲ್ಲಿದ್ದರೆ ಮದುವೆಗೆ ಅಡ್ಡಿ ಅನ್ನುವ ಕುಜದೋಷ, ಆರರಲ್ಲಿದ್ದರೆ ಇಲ್ಲ. "ಕುಜದೋಷ ಉಂಟೋ ಇಲ್ಲವೋ, ಒಂದು ಹೇಳಿ ಜೋಯಿಸರೇ" ಅಂತ ಸೋದರಮಾವ ಕೇಳುತ್ತಾರೆ. ಹುಡುಗನ ಕಡೆಯವರಿಗೆ ಪುಸ್ತಕ ಸರಿ ಅನಿಸುತ್ತದೆ, ಹುಡುಗಿ ಕಡೆಯವರಿಗೆ ಹಾಳೆ ಸರಿ ಅನಿಸುತ್ತದೆ. ಸಹಜವೇ ಅಲ್ವಾ.

ಇಲ್ಲಿ ಪುಸ್ತಕವೂ ತಪ್ಪಿಲ್ಲ, ಹಾಳೆಯೂ ತಪ್ಪಿಲ್ಲದಿರಬಹುದು. ಎರಡೂ ಬೇರೆ ಬೇರೆ ಲೆಕ್ಕ. ಯಾವ ಲೆಕ್ಕವನ್ನು ಯಾವುದಕ್ಕೆ ಬಳಸಬೇಕು, ಗ್ರಹ ನಿಜವಾಗಿ ಪಕ್ಕದ ಭಾವಕ್ಕೆ ಹೋಗಿದೆಯೋ ಅಥವಾ ಜನನ ಸಮಯದ ಹೆಚ್ಚುಕಡಿಮೆಯಿಂದ ಹಾಗೆ ಕಾಣುತ್ತಿದೆಯೋ ಅಂತ ತಿಳಿಯಲು ಒಂದು ಪೆನ್ನು, ಒಂದು ಹಾಳೆ ಸಾಕು. ಕುಜನ ಈ ಉದಾಹರಣೆಯನ್ನೇ ಹಿಡಿದು ಕೊನೆಯವರೆಗೆ ಹೋಗೋಣ.

ಎರಡು ಲೆಕ್ಕಗಳು ಎಲ್ಲಿ ಬೇರೆಯಾಗುತ್ತವೆ

ರಾಶಿ ಕುಂಡಲಿಯಲ್ಲಿ ಲಗ್ನ ಇರುವ ರಾಶಿ ಪೂರ್ತಿಯಾಗಿ ಒಂದನೇ ಮನೆ. ಮಿಥುನ ಲಗ್ನ ಅಂದರೆ ಮಿಥುನದ 0 ಡಿಗ್ರಿಯಿಂದ 30 ಡಿಗ್ರಿವರೆಗೂ ಒಂದೇ ಮನೆ. ಲಗ್ನ 2 ಡಿಗ್ರಿಯಲ್ಲಿ ಇರಲಿ, 28 ಡಿಗ್ರಿಯಲ್ಲಿ ಇರಲಿ, ಏನೂ ವ್ಯತ್ಯಾಸ ಇಲ್ಲ.

ಚಲಿತದಲ್ಲಿ ಹಾಗಲ್ಲ. ಲಗ್ನದ ಡಿಗ್ರಿಯೇ ಒಂದನೇ ಭಾವದ ನಡುಮಧ್ಯ. ಅದಕ್ಕೆ ಭಾವಮಧ್ಯ ಅನ್ನುತ್ತೇವೆ. ಭಾವ ಅಲ್ಲಿಂದ ಹಿಂದಕ್ಕೆ ಸುಮಾರು 15 ಡಿಗ್ರಿ, ಮುಂದಕ್ಕೆ ಸುಮಾರು 15 ಡಿಗ್ರಿ ಹರಡಿರುತ್ತದೆ. ಒಂದು ಭಾವ ಮುಗಿದು ಇನ್ನೊಂದು ಶುರುವಾಗುವ ಗಡಿಗೆ ಸಂಧಿ ಅಂತ ಹೆಸರು. ಲಗ್ನ ಮಿಥುನದ 24 ಡಿಗ್ರಿಯಲ್ಲಿದ್ದರೆ ಒಂದನೇ ಭಾವ ಮಿಥುನದ 9 ಡಿಗ್ರಿ ಹತ್ತಿರ ಶುರುವಾಗಿ ಕಟಕದ 9 ಡಿಗ್ರಿ ಹತ್ತಿರ ಮುಗಿಯುತ್ತದೆ. ಅಂದರೆ ಮಿಥುನದ ಮೊದಲ 9 ಡಿಗ್ರಿ ಹನ್ನೆರಡನೇ ಭಾವಕ್ಕೆ ಸೇರಿತು.

ಇದರಿಂದ ಲೆಕ್ಕ ಮಾಡದೆಯೇ ಒಂದು ಅಂದಾಜು ಸಿಗುತ್ತದೆ. ಲಗ್ನ ರಾಶಿಯ ಕೊನೆ ಕಡೆ ಇದ್ದರೆ, ಯಾವುದೇ ರಾಶಿಯ ಶುರುವಿನ ಡಿಗ್ರಿಗಳಲ್ಲಿ ಇರುವ ಗ್ರಹ ಒಂದು ಭಾವ ಹಿಂದಕ್ಕೆ ಹೋಗುವ ಸಾಧ್ಯತೆ ಉಂಟು. ಲಗ್ನ ರಾಶಿಯ ಶುರುವಿನಲ್ಲಿದ್ದರೆ, ರಾಶಿಯ ಕೊನೆಯಲ್ಲಿರುವ ಗ್ರಹ ಒಂದು ಭಾವ ಮುಂದಕ್ಕೆ ಹೋಗಬಹುದು. ಲಗ್ನ 15 ಡಿಗ್ರಿಯ ಆಸುಪಾಸು ಇದ್ದರೆ ಎರಡು ಚೌಕಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಲಗ್ನ 15ರಲ್ಲಿದ್ದು ಮೂರ್ನಾಲ್ಕು ಗ್ರಹ ಜಾಗ ಬದಲಿಸಿದ್ದರೆ ಆ ಹಾಳೆ ಬೇರೆ ಪದ್ಧತಿಯದ್ದು ಅಥವಾ ಅದರಲ್ಲಿ ಏನೋ ಎಡವಟ್ಟಾಗಿದೆ ಅಂತಲೇ ತಿಳಿಯಿರಿ.

ಹಂತ 1: ಗ್ರಹಸ್ಫುಟ ಓದಿ, ಚೌಕ ನೋಡಬೇಡಿ

ಮೊದಲು ಚೌಕಗಳನ್ನು ಬದಿಗಿಡಿ. ಗ್ರಹಸ್ಫುಟದ ಪಟ್ಟಿ, ಅಂದರೆ ಪ್ರತಿ ಗ್ರಹ ಯಾವ ರಾಶಿಯ ಎಷ್ಟನೇ ಡಿಗ್ರಿಯಲ್ಲಿದೆ ಅನ್ನುವ ಪಟ್ಟಿ ತೆಗೆಯಿರಿ. ಕೈಬರಹದ ಜಾತಕದಲ್ಲಿ ಪ್ರತಿ ಗ್ರಹದ ಎದುರು ಮೂರು ಅಂಕೆ ಇರುತ್ತವೆ: ರಾಶಿ, ಭಾಗೆ, ಕಲೆ. ಭಾಗೆ ಅಂದರೆ ಡಿಗ್ರಿ. ಕಲೆ ಅಂದರೆ ಡಿಗ್ರಿಯ 60ರಲ್ಲಿ ಒಂದು ಪಾಲು. ಕಲೆಯ 60ರಲ್ಲಿ ಒಂದು ಪಾಲು ವಿಕಲೆ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಕುಜನ ಎದುರು 8-6-10 ಅಂತ ಇದೆ ಅಂದುಕೊಳ್ಳಿ. ಎಂಟನೇ ರಾಶಿ ವೃಶ್ಚಿಕ, ಹಾಗಾಗಿ ಕುಜ ವೃಶ್ಚಿಕದಲ್ಲಿ ಅಂತ ಓದಿಬಿಡುತ್ತಾರೆ. ಆದರೆ ಮೊದಲ ಅಂಕೆ ಕಳೆದುಹೋದ ರಾಶಿಗಳ ಲೆಕ್ಕ. ಎಂಟು ರಾಶಿ ಮುಗಿಸಿ ಒಂಬತ್ತನೆಯದರಲ್ಲಿ 6 ಡಿಗ್ರಿ 10 ಕಲೆ ನಡೆದಿದ್ದಾನೆ. ಅಂದರೆ ಧನುವಿನಲ್ಲಿ 6 ಡಿಗ್ರಿ 10 ಕಲೆ. ನಮ್ಮ ಉದಾಹರಣೆಯಲ್ಲಿ ಈ ತಪ್ಪು ಓದಿದರೆ ಕುಜ ರಾಶಿ ಕುಂಡಲಿಯಲ್ಲೇ ಆರಕ್ಕೆ ಹೋಗಿಬಿಡುತ್ತಾನೆ, ಚಲಿತದ ಪ್ರಶ್ನೆಯೇ ಏಳುವುದಿಲ್ಲ!

ಮಲಯಾಳ ಕ್ರಮದ ಹಾಳೆ ಕೈಗೆ ಬಂದರೆ ಗ್ರಹಗಳ ಅಕ್ಷರವನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ 'ಮ' ಅಂದರೆ ಮಂದ, ಶನಿ. 'ಸ' ಅಂದರೆ ಸರ್ಪ, ರಾಹು. 'ಶಿ' ಅಂದರೆ ಶಿಖಿ, ಕೇತು. 'ಮಾ' ಅಂದರೆ ಮಾಂದಿ. 'ಮ' ನೋಡಿ ಮಂಗಳ ಅಂದುಕೊಂಡು ಕುಜದೋಷ ಹಾಕಿದರೆ ಪಾಪ ಹುಡುಗಿಯ ಗತಿ ಏನು?

ನಮ್ಮ ಉದಾಹರಣೆ ಹೀಗಿದೆ. ಜನನ ಕಾಸರಗೋಡಿನಲ್ಲಿ, ಸುಗ್ಗಿ ತಿಂಗಳು, ಮಧ್ಯಾಹ್ನ 12:55. ದಶಮ ಮಧ್ಯ ಅಂದರೆ ಹತ್ತನೇ ಭಾವದ ಮಧ್ಯ. ಹಾಳೆಯಿಂದ ನಮಗೆ ಬೇಕಾದದ್ದು ನಾಲ್ಕೇ ಸ್ಫುಟ:

```
ಲಗ್ನ         ಮಿಥುನ 24°00'   (2-24-00)
ದಶಮ ಮಧ್ಯ    ಮೀನ  21°28'   (11-21-28)
ಕುಜ          ಧನು   6°10'   (8-6-10)
ಶುಕ್ರ         ಮೇಷ   8°00'   (0-8-00)
```

ಮಿಥುನದಿಂದ ಎಣಿಸಿದರೆ ಧನು ಏಳನೆಯದು, ಮೇಷ ಹನ್ನೊಂದನೆಯದು. ರಾಶಿ ಕುಂಡಲಿಯಲ್ಲಿ ಕುಜ 7, ಶುಕ್ರ 11. ಇದರಲ್ಲಿ ಯಾರಿಗೂ ಜಗಳ ಇಲ್ಲ.

ಹಂತ 2: ಹಾಳೆಯಲ್ಲಿರುವ ಚಲಿತ ಯಾವ ಜಾತಿಯದು?

ಚಲಿತ ಅಂತ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬೇರೆ ಲೆಕ್ಕಗಳು ಓಡಾಡುತ್ತಿವೆ. ಗೊಂದಲದ ಅರ್ಧ ಭಾಗ ಇಲ್ಲೇ ಇರುವುದು.

ಮೊದಲನೆಯದು ಸಮಭಾವ. ಲಗ್ನದ ಡಿಗ್ರಿಯನ್ನು ಮಧ್ಯವಾಗಿಟ್ಟು ಪ್ರತಿ ಭಾವಕ್ಕೂ ಸರಿಯಾಗಿ 30 ಡಿಗ್ರಿ. ಎರಡನೆಯದು 11ನೇ ಶತಮಾನದ ಶ್ರೀಪತಿಯ ಹೆಸರಿನಲ್ಲಿರುವ ಪದ್ಧತಿ. ಇದರಲ್ಲಿ ಲಗ್ನದ ಜೊತೆಗೆ ದಶಮವನ್ನೂ ಆಕಾಶದ ಲೆಕ್ಕದಿಂದಲೇ ತೆಗೆದುಕೊಳ್ಳುತ್ತಾರೆ. ನಡುವಿನ ದೂರವನ್ನು ಹಂಚುತ್ತಾರೆ. ಹಾಗಾಗಿ ಭಾವಗಳು 30 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಥವಾ ಕಮ್ಮಿ ಇರುತ್ತವೆ. ಮೂರನೆಯದು ಕೃಷ್ಣಮೂರ್ತಿ ಪದ್ಧತಿ. ಅಲ್ಲಿ ಲಗ್ನದ ಡಿಗ್ರಿ ಭಾವದ ಮಧ್ಯ ಅಲ್ಲ, ಭಾವದ ಶುರು.

ಹಾಳೆಯಲ್ಲಿ ಪದ್ಧತಿಯ ಹೆಸರು ಇಲ್ಲದಿದ್ದರೂ ಕಂಡುಹಿಡಿಯುವುದು ಸುಲಭ. ಭಾವಸ್ಫುಟದ ಪಟ್ಟಿ ತೆಗೆಯಿರಿ. ಒಂದನೇ ಭಾವದ ಆರಂಭವೇ ಲಗ್ನದ ಡಿಗ್ರಿ, ಅಂದರೆ ಮಿಥುನ 24 ಅಂತ ಇದ್ದರೆ ಅದು ಕೃಷ್ಣಮೂರ್ತಿ ಪದ್ಧತಿ. ಮಧ್ಯದ ಸಾಲಿನಲ್ಲಿ ಮಿಥುನ 24 ಇದ್ದರೆ ಹತ್ತನೇ ಭಾವದ ಮಧ್ಯ ನೋಡಿ. ಅಲ್ಲೂ 24 ಡಿಗ್ರಿಯೇ ಇದ್ದರೆ ಸಮಭಾವ. ಬೇರೆ ಡಿಗ್ರಿ ಇದ್ದರೆ, ಇಲ್ಲಿ ಮೀನ 21°28' ಇದ್ದ ಹಾಗೆ, ಅದು ಶ್ರೀಪತಿ. ಸಾಫ್ಟ್‌ವೇರಿನ ಸೆಟ್ಟಿಂಗಿನಲ್ಲಿ `Sripati`, `Equal`, `KP` ಅಂತ ಆಯ್ಕೆಗಳು ಇರುತ್ತವೆ. ಯಾವುದಕ್ಕೆ ಗುರುತು ಬಿದ್ದಿದೆ ಅಂತ ಅಲ್ಲೂ ನೋಡಬಹುದು.

ಕೃಷ್ಣಮೂರ್ತಿ ಪದ್ಧತಿಯ ಚೌಕವನ್ನು ತಂದು ನಮ್ಮ ಹಳೆ ಕ್ರಮದ ಫಲದ ಜೊತೆ ಬೆರೆಸುವುದು ಸರಿಯಲ್ಲ. ಆ ಪದ್ಧತಿಗೆ ಅದರದ್ದೇ ನಕ್ಷತ್ರಾಧಿಪತಿ, ಉಪಾಧಿಪತಿಗಳ ನಿಯಮ ಇದೆ. ಅದರಲ್ಲಿ ನೋಡುವುದಾದರೆ ಪೂರ್ತಿ ಅದರಲ್ಲೇ ನೋಡಿ. ಈ ಜಾತಕದಲ್ಲಿ ಕುಜ ಧನುವಿನ 20 ಡಿಗ್ರಿಯಲ್ಲಿ ಇದ್ದಿದ್ದರೂ ಆ ಪದ್ಧತಿ ಆರನೇ ಭಾವ ಅಂತಲೇ ಹೇಳುತ್ತಿತ್ತು, ಶ್ರೀಪತಿ ಏಳು ಅನ್ನುತ್ತಿತ್ತು. ಎರಡರ ನಡುವೆ ಅಷ್ಟು ಅಂತರ.

ಹಂತ 3: ಸಂಧಿ ನೀವೇ ತೆಗೆಯಿರಿ

ಶ್ರೀಪತಿ ಲೆಕ್ಕ ಕಷ್ಟ ಅಂತ ಹೆದರುತ್ತಾರೆ. ದಶಮದ ಸ್ಫುಟ ಹಾಳೆಯಲ್ಲಿ ಸಿಕ್ಕಿದ ಮೇಲೆ ಉಳಿದದ್ದು ಕೂಡುವುದು, ಕಳೆಯುವುದು, ಆರರಿಂದ ಭಾಗಿಸುವುದು, ಅಷ್ಟೇ.

ಎಲ್ಲವನ್ನೂ ಮೇಷದ ಶುರುವಿನಿಂದ ಎಣಿಸಿದ ಡಿಗ್ರಿ ಮಾಡಿಕೊಳ್ಳಿ. ಕಳೆದ ರಾಶಿಗಳನ್ನು 30ರಿಂದ ಗುಣಿಸಿ ಡಿಗ್ರಿ ಕೂಡಿದರೆ ಆಯಿತು. ಲಗ್ನ 2 ರಾಶಿ ಕಳೆದು 24, ಅಂದರೆ 84°. ದಶಮ 11 ರಾಶಿ ಕಳೆದು 21°28', ಅಂದರೆ 351°28'. ದಶಮದಿಂದ ಲಗ್ನಕ್ಕೆ ಎಷ್ಟು ದೂರ? ನಡುವೆ ಮೇಷದ ಶುರು ದಾಟುವುದರಿಂದ ಲಗ್ನಕ್ಕೆ 360 ಕೂಡಿಕೊಳ್ಳಬೇಕು.

```
84°00' + 360°     = 444°00'
444°00' − 351°28' = 92°32'
92°32' ÷ 6        = 15°25' (20 ವಿಕಲೆ)
```

ದಶಮ ಮಧ್ಯದಿಂದ ಶುರುಮಾಡಿ ಈ 15°25' ಅನ್ನು ಒಂದೊಂದೇ ಸಲ ಕೂಡುತ್ತಾ ಹೋಗಿ. ಒಂದು ಸಲ ಸಂಧಿ, ಒಂದು ಸಲ ಮಧ್ಯ, ಹೀಗೆ ಬರುತ್ತದೆ. ವಿಕಲೆಗಳನ್ನು ಬಿಟ್ಟುಬಿಡಬೇಡಿ, ಕೊನೆಗೆ ಒಂದೆರಡು ಕಲೆ ವ್ಯತ್ಯಾಸ ಬಂದೀತು.

```
10 ಮಧ್ಯ       ಮೀನ   21°28'
10–11 ಸಂಧಿ    ಮೇಷ    6°53'
11 ಮಧ್ಯ       ಮೇಷ   22°19'
11–12 ಸಂಧಿ    ವೃಷಭ   7°44'
12 ಮಧ್ಯ       ವೃಷಭ  23°09'
12–1 ಸಂಧಿ     ಮಿಥುನ  8°35'
1 ಮಧ್ಯ        ಮಿಥುನ 24°00'
```

ಕೊನೆಯ ಸಾಲು ಲಗ್ನಕ್ಕೇ ಬಂದು ನಿಂತಿತು. ಹಾಗೆ ಬಾರದಿದ್ದರೆ ನಡುವೆ ಎಲ್ಲೋ ಕೂಡುವುದು ತಪ್ಪಿದೆ ಅಂತ ಅರ್ಥ.

ಎದುರಿನ ಭಾವಗಳಿಗೆ ಮತ್ತೆ ಲೆಕ್ಕ ಬೇಡ. ಒಂದಕ್ಕೆ ಎದುರು ಏಳು, ಹನ್ನೆರಡಕ್ಕೆ ಎದುರು ಆರು. ಡಿಗ್ರಿ ಅದೇ, ರಾಶಿ ಮಾತ್ರ ಎದುರಿನದು. 12–1 ಸಂಧಿ ಮಿಥುನದ 8°35' ಆದರೆ 6–7 ಸಂಧಿ ಧನುವಿನ 8°35'. ಆರನೇ ಭಾವಮಧ್ಯ ವೃಶ್ಚಿಕದ 23°09'. ಲಗ್ನದಿಂದ ನಾಲ್ಕನೇ ಭಾವದವರೆಗಿನ ಭಾಗಕ್ಕೆ ಮಾತ್ರ ಬೇರೆ ಅಂತರ ಬರುತ್ತದೆ. 180ರಿಂದ 92°32' ಕಳೆದು ಉಳಿದದ್ದನ್ನು ಆರರಿಂದ ಭಾಗಿಸಿ. ನಮ್ಮ ಕುಜನಿಗೆ ಅದು ಬೇಕಾಗಿಲ್ಲ.

ಈಗ ನೋಡಿ. ಕುಜ ಧನುವಿನ 6°10'. ಏಳನೇ ಭಾವ ಶುರುವಾಗುವುದೇ ಧನುವಿನ 8°35'ಕ್ಕೆ. ಕುಜ ಇನ್ನೂ ಆ ಗಡಿ ಮುಟ್ಟಿಲ್ಲ, 2 ಡಿಗ್ರಿ 25 ಕಲೆ ಹಿಂದಿದ್ದಾನೆ. ಸಮಭಾವದಲ್ಲೂ ಗಡಿ ಧನುವಿನ 9 ಡಿಗ್ರಿ, ಅಲ್ಲೂ ಆರೇ. ಅಂದರೆ ಮೊಬೈಲ್ ಹಾಳೆ ಸುಳ್ಳು ಹೇಳಿಲ್ಲ.

ಹಂತ 4: ಜನನ ಸಮಯ ಎಷ್ಟು ನಂಬಬಹುದು?

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಗ್ರಹಗಳು ನಿಧಾನ, ಲಗ್ನ ಬಹಳ ವೇಗ. ಹತ್ತು ನಿಮಿಷದಲ್ಲಿ ಕುಜ ಜರುಗುವುದು ಲೆಕ್ಕಕ್ಕೇ ಬಾರದಷ್ಟು. ಲಗ್ನ ಮಾತ್ರ ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ಅದರ ಜೊತೆ ಎಲ್ಲಾ ಸಂಧಿಗಳೂ ಸರಿಯುತ್ತವೆ. ಈ ಜಾತಕದಲ್ಲಿ 6–7 ಸಂಧಿ ಒಂದು ನಿಮಿಷಕ್ಕೆ ಸುಮಾರು 14 ಕಲೆ ಓಡುತ್ತದೆ. ಕುಜನಿಗೂ ಸಂಧಿಗೂ ಇರುವ ಅಂತರ 2°25', ಅಂದರೆ 145 ಕಲೆ. 145ನ್ನು 14ರಿಂದ ಭಾಗಿಸಿದರೆ ಹತ್ತಕ್ಕೆ ಸ್ವಲ್ಪ ಜಾಸ್ತಿ.

ಹಾಗಾದರೆ ಮಗು 12:55ರ ಬದಲು 12:44ಕ್ಕೆ ಹುಟ್ಟಿದ್ದರೆ ಕುಜ ಚಲಿತದಲ್ಲೂ ಏಳರಲ್ಲೇ ಇರುತ್ತಿದ್ದ. ಹನ್ನೊಂದು ನಿಮಿಷ, ಅಷ್ಟೇ. ಇನ್ನೊಂದು ಕಡೆಗೆ, ಅಂದರೆ ಜನನ ತಡವಾಗಿದ್ದರೆ, ಸಂಧಿ ಮುಂದೆ ಹೋಗುತ್ತದೆ. ಕುಜ ಆರರ ಒಳಗೆ ಇನ್ನಷ್ಟು ಸೇರಿಕೊಳ್ಳುತ್ತಾನೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಒಂದೇ: ಬರೆದಿಟ್ಟ ಸಮಯಕ್ಕಿಂತ ಹನ್ನೊಂದು ನಿಮಿಷ ಮೊದಲೇ ಹುಟ್ಟಿರುವ ಸಾಧ್ಯತೆ ಇದೆಯೋ?

ಇದಕ್ಕೆ ಉತ್ತರ ಮನೆಯವರಲ್ಲೇ ಇರುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ 12:55 ಅಂತ ಇದ್ದರೆ ಒಂದು ಮಾತು. "ಊಟದ ಹೊತ್ತಿಗೆ, ಒಂದು ಗಂಟೆ ಆಗಿರಲಿಲ್ಲ" ಅಂತ ಅಜ್ಜಿ ಹೇಳಿದ್ದನ್ನು ಜೋಯಿಸರು 12:55 ಅಂತ ಬರೆದುಕೊಂಡಿದ್ದರೆ ಬೇರೆ ಮಾತು. ಸಮಯ 12:30, 1:00, 1:15 ಹೀಗೆ ದುಂಡಾಗಿದ್ದರೆ ನನಗೆ ಸಂಶಯವೇ. ಲೇಬರ್ ರೂಮಿನಿಂದ ಹೊರಗೆ ಬಂದು ಹೇಳಿದ ಹೊತ್ತನ್ನೇ ಜನನ ಸಮಯ ಅಂತ ಬರೆದಿಟ್ಟ ಮನೆಗಳೂ ಇವೆ. ಅಂಥ ಕಡೆ ನಿಜವಾದ ಜನನ ಮೊದಲೇ ಆಗಿರುತ್ತದೆ. ಅಂದರೆ ನಮ್ಮ ಕುಜನನ್ನು ಏಳಕ್ಕೆ ಎಳೆಯುವ ದಿಕ್ಕಿನಲ್ಲೇ ತಪ್ಪು ಇದೆ.

ನಾನು ಇಟ್ಟುಕೊಂಡಿರುವ ಕ್ರಮ ಹೀಗೆ. ಗ್ರಹ ಸಂಧಿಯಿಂದ 1 ಡಿಗ್ರಿಗಿಂತ ಕಮ್ಮಿ ದೂರದಲ್ಲಿದ್ದರೆ ಚಲಿತದ ಮಾತೇ ಎತ್ತುವುದಿಲ್ಲ, ಸಂಧಿಯಲ್ಲಿದೆ ಅಂತ ಬರೆದು ಬಿಡುತ್ತೇನೆ. ದೂರ 4 ಡಿಗ್ರಿ ದಾಟಿದರೆ ಕಾಲು ಗಂಟೆಯ ವ್ಯತ್ಯಾಸಕ್ಕೂ ಅಲ್ಲಾಡುವುದಿಲ್ಲ, ಧೈರ್ಯವಾಗಿ ಹೇಳಬಹುದು. ನಡುವೆ ಇದ್ದರೆ, ಈ ಕುಜನ ಹಾಗೆ, ಸಮಯ ಎಲ್ಲಿಂದ ಬಂತು ಅಂತ ಕೇಳಿಯೇ ಮುಂದಿನ ಮಾತು.

ಊರಿನ ಹೆಸರು ತಪ್ಪಿದರೆ

ಸಮಯ ಸರಿ ಇದ್ದೂ ಲೆಕ್ಕ ತಪ್ಪುವುದು ಊರಿನಿಂದ. ಕಾಸರಗೋಡು ಸುಮಾರು 12°30' ಉತ್ತರ ಅಕ್ಷಾಂಶ, 74°59' ಪೂರ್ವ ರೇಖಾಂಶ. ಕೆಲವು ಆ್ಯಪ್‌ಗಳು ಊರು ಹಾಕದಿದ್ದರೆ ಬೆಂಗಳೂರನ್ನೇ ಹಿಡಿದುಕೊಳ್ಳುತ್ತವೆ. ಬೆಂಗಳೂರು ಇಲ್ಲಿಗಿಂತ ಸುಮಾರು 2°36' ಪೂರ್ವಕ್ಕಿದೆ, ಅಂದರೆ ಹತ್ತು ನಿಮಿಷಕ್ಕೂ ಸ್ವಲ್ಪ ಹೆಚ್ಚು ವ್ಯತ್ಯಾಸ. ಇದೇ ಜಾತಕಕ್ಕೆ ಬೆಂಗಳೂರು ಹಾಕಿದರೆ ಲಗ್ನ 24 ಡಿಗ್ರಿಯಿಂದ ಇಪ್ಪತ್ತಾರೂವರೆಗೆ ಜಿಗಿಯುತ್ತದೆ.

ಕುಜನಿಗೆ ಅದರಿಂದ ತೊಂದರೆ ಇಲ್ಲ, ಆರರಲ್ಲೇ ಉಳಿಯುತ್ತಾನೆ. ಶುಕ್ರನನ್ನು ನೋಡಿ. ಕಾಸರಗೋಡಿನ ಲೆಕ್ಕದಲ್ಲಿ 10–11 ಸಂಧಿ ಮೇಷದ 6°53'. ಶುಕ್ರ 8°00', ಗಡಿ ದಾಟಿದ್ದಾನೆ, ಹನ್ನೊಂದರಲ್ಲಿದ್ದಾನೆ. ಬೆಂಗಳೂರು ಹಾಕಿದರೆ ಆ ಸಂಧಿ ಸುಮಾರು 9°39'ಕ್ಕೆ ಹೋಗುತ್ತದೆ. ಶುಕ್ರ ಹತ್ತನೇ ಭಾವಕ್ಕೆ ಬಿದ್ದ. ಊರಿನ ಹೆಸರು ಒಂದು ತಪ್ಪಿದ್ದಕ್ಕೆ ಗ್ರಹ ಭಾವವನ್ನೇ ಬದಲಿಸಿತು. ಹೊಸಂಗಡಿ, ಬದಿಯಡ್ಕ, ಪೆರ್ಲ ಅಂತ ಹುಡುಕಿದರೆ ಪಟ್ಟಿಯಲ್ಲಿ ಸಿಗದೇ ಹೋಗಬಹುದು. ಆಗ ಕಾಸರಗೋಡು ಅಂತಲೇ ಹಾಕಿ, ವ್ಯತ್ಯಾಸ ಒಂದು ನಿಮಿಷದಷ್ಟೂ ಬಾರದು.

ಗಲ್ಫಿನಲ್ಲಿ ಹುಟ್ಟಿದ ಮಕ್ಕಳದ್ದು ಇನ್ನೊಂದು ಪೇಚು. ದುಬೈಯಲ್ಲಿ ಹುಟ್ಟಿದ ಮಗುವಿಗೆ ಅಲ್ಲಿನ ಗಡಿಯಾರದ ಸಮಯ ಹಾಕಿ, ಟೈಮ್ ಝೋನ್ ಮಾತ್ರ ಭಾರತದ್ದೇ ಬಿಟ್ಟರೆ ಒಂದೂವರೆ ಗಂಟೆ ತಪ್ಪುತ್ತದೆ. ಆಗ ಚಲಿತ ಬಿಡಿ, ಲಗ್ನರಾಶಿಯೇ ಬೇರೆ ಬಂದೀತು. `+4:00` ಇದೆಯೋ ನೋಡಿಕೊಳ್ಳಿ.

ಅಯನಾಂಶ, ಅಂದರೆ ರಾಶಿಚಕ್ರದ ಶುರುವನ್ನು ಎಲ್ಲಿ ಹಿಡಿಯಬೇಕು ಅನ್ನುವ ತಿದ್ದುಪಡಿಯ ಬಗ್ಗೆ ಮಾತ್ರ ಇಲ್ಲಿ ತಲೆಕೆಡಿಸಿಕೊಳ್ಳುವುದು ಬೇಡ. ಲಾಹಿರಿ ಬಿಟ್ಟು ರಾಮನ್ ಅಯನಾಂಶ ಹಾಕಿದರೆ ಕುಜನೂ ಮುಂದೆ ಹೋಗುತ್ತಾನೆ, ಲಗ್ನವೂ ಸಂಧಿಯೂ ಅಷ್ಟೇ ಮುಂದೆ ಹೋಗುತ್ತವೆ. ಅವುಗಳ ನಡುವಿನ ಅಂತರ ಬದಲಾಗುವುದಿಲ್ಲ. ಅಯನಾಂಶ ಬದಲಿಸಿದಾಗ ಗ್ರಹ ರಾಶಿ ದಾಟಬಹುದು, ಚಲಿತದಲ್ಲಿ ಭಾವ ದಾಟುವುದಿಲ್ಲ. ದಾಟಿದ ಹಾಗೆ ಕಂಡರೆ ಬೇರೆ ಏನೋ ಸೆಟ್ಟಿಂಗ್ ಬದಲಾಗಿದೆ.

ಹಂತ 5: ಆರನೇ ಭಾವದಲ್ಲಿ ಎಷ್ಟು ಬಲ?

ಕುಜ ಆರಕ್ಕೆ ಬಂದ ಅಂದ ತಕ್ಷಣ ಆರನೇ ಭಾವದ ಪೂರ್ತಿ ಫಲ ಹೇಳಲು ಹೊರಡಬೇಡಿ. ಭಾವಮಧ್ಯದಲ್ಲಿ ಫಲ ಪೂರ್ತಿ, ಸಂಧಿಯಲ್ಲಿ ಸೊನ್ನೆ, ನಡುವೆ ದೂರಕ್ಕೆ ತಕ್ಕಷ್ಟು ಅನ್ನುವುದು ಈ ಪದ್ಧತಿಯ ನಿಯಮ. ಆರನೇ ಭಾವಮಧ್ಯದಿಂದ 6–7 ಸಂಧಿಗೆ ದೂರ 15°25'. ಕುಜ ಸಂಧಿಯಿಂದ ಒಳಗೆ ಬಂದಿರುವುದು 2°25'. ಭಾಗಿಸಿದರೆ ನೂರಕ್ಕೆ ಹದಿನಾರರಷ್ಟು ಬರುತ್ತದೆ. ಹಳೆ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಯಲ್ಲಿ ಎರಡೂವರೆ ಆಣೆ.

ಹಾಗಾಗಿ ಇವನು ಆರರಲ್ಲಿ ಗಟ್ಟಿಯಾಗಿ ಕೂತ ಕುಜ ಅಲ್ಲ. ಏಳರಿಂದ ಕಾಲು ತೆಗೆದಿದ್ದಾನೆ, ಆರರಲ್ಲಿ ಇನ್ನೂ ನೆಲೆ ನಿಂತಿಲ್ಲ. ಕುಜ ದಶೆಯಲ್ಲಿ ಸಾಲ, ಕೋರ್ಟು, ಶತ್ರು ಅಂತ ಆರರ ವಿಷಯವನ್ನು ದೊಡ್ಡದಾಗಿ ಹೇಳಿದರೆ ಅದು ಅತಿಯಾಯಿತು.

ಹಂತ 6: ಯಾವುದು ಬದಲಾಗುತ್ತದೆ, ಯಾವುದು ಇಲ್ಲ

ತುಂಬಾ ಹಾಳೆಗಳಲ್ಲಿ ಇರುವ ಒಂದು ಮೋಸ ಇಲ್ಲಿ ಹೇಳಲೇಬೇಕು. ನಮ್ಮ ಕಡೆಯ ಚೌಕದಲ್ಲಿ ಪ್ರತಿ ಕೋಣೆಯೂ ಒಂದು ರಾಶಿಗೆ ಖಾಯಂ. ಮೇಲಿನ ಎಡ ಮೂಲೆ ಮೀನ, ಅದರ ಬಲಕ್ಕೆ ಮೇಷ. ಸಾಫ್ಟ್‌ವೇರ್ ಚಲಿತವನ್ನೂ ಇದೇ ಚೌಕದಲ್ಲಿ ತೋರಿಸುವಾಗ, ಕುಜ ಆರನೇ ಭಾವ ಅಂತ ತಿಳಿಸಲು ಅವನನ್ನು ವೃಶ್ಚಿಕದ ಕೋಣೆಯಲ್ಲಿ ಬರೆಯುತ್ತದೆ. ನೋಡಿದವರು ಕುಜ ವೃಶ್ಚಿಕಕ್ಕೇ ಬಂದ ಅಂದುಕೊಳ್ಳುತ್ತಾರೆ. ವೃಶ್ಚಿಕ ಕುಜನ ಸ್ವಂತ ಮನೆ, ಹಾಗಾಗಿ ಸ್ವಕ್ಷೇತ್ರ ಅಂತ ಫಲವನ್ನೂ ಹೇಳಿಬಿಡುತ್ತಾರೆ.

ಕುಜ ಎಲ್ಲೂ ಹೋಗಿಲ್ಲ. ಅವನು ಧನುವಿನಲ್ಲೇ ಇದ್ದಾನೆ, ಗುರುವಿನ ಮನೆಯಲ್ಲೇ ಇದ್ದಾನೆ. ಉಚ್ಚ, ನೀಚ, ಸ್ವಕ್ಷೇತ್ರ, ಮಿತ್ರಕ್ಷೇತ್ರ, ನವಾಂಶ, ಗ್ರಹಗಳ ಕೂಟ, ಇವೆಲ್ಲ ರಾಶಿಯಿಂದಲೇ. ದೃಷ್ಟಿಯೂ ಹಾಗೆ. ಕುಜನಿಗೆ 4, 7, 8ನೇ ದೃಷ್ಟಿ. ಧನುವಿನಿಂದ ಎಣಿಸಿದರೆ ಅದು ಮೀನ, ಮಿಥುನ, ಕಟಕಕ್ಕೆ ಬೀಳುತ್ತದೆ. ಅಂದರೆ ಏಳನೇ ದೃಷ್ಟಿ ನೇರ ಲಗ್ನದ ಮೇಲಿದೆ. ಚಲಿತದ ಚೌಕ ನೋಡಿ ವೃಶ್ಚಿಕದಿಂದ ಎಣಿಸಿದರೆ ಏಳನೇ ದೃಷ್ಟಿ ವೃಷಭದ ಮೇಲೆ ಹೋಗಿ ಕೂರುತ್ತದೆ, ಲಗ್ನಕ್ಕೆ ಎಂಟನೇ ದೃಷ್ಟಿ ಅಂತಾಗುತ್ತದೆ. ಫಲ ಪೂರ್ತಿ ಅಡಿಮೇಲು.

ದಶೆಗೂ ಚಲಿತಕ್ಕೂ ಸಂಬಂಧವೇ ಇಲ್ಲ, ಅದು ಚಂದ್ರನ ನಕ್ಷತ್ರದಿಂದ ಬರುವುದು. ಚಲಿತದಿಂದ ಬದಲಾಗುವುದು ಒಂದೇ: ಗ್ರಹ ತನ್ನ ಫಲವನ್ನು ಜೀವನದ ಯಾವ ವಿಷಯದಲ್ಲಿ, ಎಷ್ಟು ತೋರಿಸುತ್ತದೆ ಅನ್ನುವುದು. ಈ ಕುಜನನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ: ಗುರುವಿನ ಮನೆಯಲ್ಲಿದ್ದು ಲಗ್ನವನ್ನು ನೋಡುವ ಕುಜ, ಆರನೇ ಭಾವದ ಕೊನೆಯಲ್ಲಿ ಕಮ್ಮಿ ಬಲದವನು.

ಹಾಗಾದರೆ ಕುಜದೋಷ?

ಸೋದರಮಾವನಿಗೆ ಉತ್ತರ ಕೊಡಬೇಕಲ್ಲ. ನನ್ನ ಅಭಿಪ್ರಾಯ ಸ್ಪಷ್ಟ: ಕುಜದೋಷವನ್ನು ರಾಶಿಯಿಂದಲೇ ಎಣಿಸಬೇಕು. ಕಾರಣ ಉಂಟು. ಈ ದೋಷವನ್ನು ಲಗ್ನದಿಂದ ಮಾತ್ರವಲ್ಲ, ಚಂದ್ರನಿಂದಲೂ ಶುಕ್ರನಿಂದಲೂ ಎಣಿಸುತ್ತಾರೆ. ಚಂದ್ರನಿಂದ, ಶುಕ್ರನಿಂದ ಎಣಿಸುವಾಗ ಯಾರೂ ಸಂಧಿ ತೆಗೆಯುತ್ತಾ ಕೂರುವುದಿಲ್ಲ, ರಾಶಿಗಳನ್ನೇ ಬೆರಳು ಮಡಚಿ ಎಣಿಸುತ್ತಾರೆ. ಮೂರರಲ್ಲಿ ಒಂದಕ್ಕೆ ಮಾತ್ರ ಚಲಿತ ಹಾಕಿ, ಉಳಿದ ಎರಡಕ್ಕೆ ರಾಶಿ ಹಿಡಿದರೆ ಲೆಕ್ಕ ಅನುಕೂಲಕ್ಕೆ ತಕ್ಕಂತೆ ಆಯಿತು. ಅದೂ ಅಲ್ಲದೆ ಹುಡುಗನ ಜಾತಕಕ್ಕೂ ಅದೇ ಅಳತೆ ಹಾಕಬೇಕಾಗುತ್ತದೆ. ಹುಡುಗಿಯ ಕುಜನನ್ನು ಚಲಿತದಲ್ಲಿ ಏಳರಿಂದ ತೆಗೆದವರು ಹುಡುಗನ ಆರರ ಕುಜ ಚಲಿತದಲ್ಲಿ ಏಳಕ್ಕೆ ಬಂದರೆ ಒಪ್ಪುತ್ತಾರೋ? ಸುಮ್ನೆ ಒಮ್ಮೆ ಕೇಳಿ ನೋಡಿ.

ಹಾಗಂತ ಚಲಿತ ಇಲ್ಲಿ ಉಪಯೋಗಕ್ಕೇ ಬಾರದು ಅಂತ ಅಲ್ಲ. ರಾಶಿಯಿಂದ ಏಳರಲ್ಲಿದ್ದೂ ಸಂಧಿಯ ಹತ್ತಿರ ಇರುವ ಕುಜ ಏಳನೇ ಭಾವಕ್ಕೆ ಕೊಡುವ ಪೆಟ್ಟು ಕಮ್ಮಿ. ಧನುವಿನ 24ರಲ್ಲಿ, ಭಾವಮಧ್ಯದಲ್ಲೇ ಕೂತ ಕುಜನಿಗೂ ಇವನಿಗೂ ವ್ಯತ್ಯಾಸ ಇದೆ. ದೋಷ ಲೆಕ್ಕಕ್ಕೆ ಉಂಟು, ತೂಕ ಕಮ್ಮಿ ಅಂತ ಹೇಳಬಹುದು. ಪಾಪಸಾಮ್ಯ, ಅಂದರೆ ಹುಡುಗ ಹುಡುಗಿಯ ಜಾತಕದ ಪಾಪಗ್ರಹಗಳ ದೋಷ ಸರಿದೂಗುತ್ತದೋ ಅಂತ ನೋಡುವವರು ಈ ತೂಕವನ್ನು ಎರಡೂ ಜಾತಕಗಳಲ್ಲಿ ಒಂದೇ ರೀತಿ ಹಿಡಿದರೆ ತಕರಾರು ಇರುವುದಿಲ್ಲ.

ಕೊನೆಗೆ ಜಾತಕದ ಬದಿಯಲ್ಲಿ ಏನು ಬರೆಯಬೇಕು

ಲೆಕ್ಕ ಮುಗಿದ ಮೇಲೆ ಬರೀ "ಚಲಿತದಲ್ಲಿ 6" ಅಂತ ಬರೆದಿಡಬೇಡಿ. ಮುಂದೆ ಇನ್ನೊಬ್ಬರು ನೋಡುವಾಗ ಮತ್ತೆ ಅದೇ ಗೊಂದಲ. ಪದ್ಧತಿ, ಊರು, ಸಂಧಿಗೆ ಇರುವ ದೂರ, ಸಮಯ ಎಲ್ಲಿಂದ ಬಂತು, ಇಷ್ಟು ಇರಲಿ. ನಮ್ಮ ಉದಾಹರಣೆಗೆ ಹೀಗೆ:

```
ಕುಜ 8-6-10. ರಾಶಿ 7. ಶ್ರೀಪತಿ 6, ಸಮಭಾವ 6.
6–7 ಸಂಧಿಗೆ 2°25' ಬಾಕಿ. 11 ನಿಮಿಷ ಮೊದಲಾದರೆ 7.
ಶುಕ್ರ 0-8-00. ರಾಶಿ 11. ಶ್ರೀಪತಿ 11, ಸಮಭಾವ 10.
10–11 ಸಂಧಿಯಿಂದ 1°07' ಮುಂದೆ.
ಊರು ಕಾಸರಗೋಡು. ಸಮಯ: ಆಸ್ಪತ್ರೆ ಚೀಟಿ / ಮನೆಯವರ ನೆನಪು.
```

ಶುಕ್ರನ ಸಾಲನ್ನು ಗಮನಿಸಿ. ಸಮಭಾವದಲ್ಲಿ ಗಡಿ ಮೇಷದ 9 ಡಿಗ್ರಿ, ಶುಕ್ರ 8ರಲ್ಲಿ ಇರುವುದರಿಂದ ಹತ್ತಕ್ಕೆ ಹೋಗುತ್ತಾನೆ. ಶ್ರೀಪತಿಯಲ್ಲಿ ಹನ್ನೊಂದರಲ್ಲೇ ಉಳಿಯುತ್ತಾನೆ. ಪದ್ಧತಿಗಳೇ ಒಪ್ಪದ ಕಡೆ, ಅದೂ ನಾಲ್ಕೈದು ನಿಮಿಷದ ವ್ಯತ್ಯಾಸಕ್ಕೆ ಉರುಳುವ ಗ್ರಹಕ್ಕೆ, ನಾನು ಚಲಿತದಿಂದ ಏನೂ ಹೇಳುವುದಿಲ್ಲ. ರಾಶಿ ಕುಂಡಲಿಯ ಹನ್ನೊಂದನ್ನೇ ಹಿಡಿಯುತ್ತೇನೆ.